ಹಿಂದಿಯಲ್ಲಿ ‘ರಾಮ’ ಯಾಕೆ ‘ರಾಮ್’ ಆಗುತ್ತಾನೆ? ಆರನೇ ತರಗತಿಯ ಕನ್ನಡದ ಮಕ್ಕಳಿಗೆ ಲಿಪಿ ಮತ್ತು ಉಚ್ಚಾರದ ಪಾಠ

ಕರ್ನಾಟಕದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಐದನೇ ತರಗತಿವರೆಗೆ ಮಕ್ಕಳು ಕನ್ನಡ, ಇಂಗ್ಲಿಷ್ ಕಲಿತಿರುತ್ತಾರೆ. ಆರನೇ ತರಗತಿಯಲ್ಲಿ ಮೂರನೇ ಭಾಷೆ ಸೇರಿಕೊಳ್ಳುತ್ತದೆ. ಹೆಚ್ಚಿನ ಕಡೆ ಅದು ಹಿಂದಿ. ಶಾಲೆ ಶುರುವಾಗಿ ಒಂದೆರಡು ತಿಂಗಳಾಗುವಷ್ಟರಲ್ಲಿ ಮಕ್ಕಳು ಅಕ್ಷರಮಾಲೆ ಬರೆಯುತ್ತಾರೆ, ಕಾಗುಣಿತವನ್ನೂ ಒಪ್ಪಿಸುತ್ತಾರೆ. ಆದರೆ ಪಾಠದ ಸಾಲು ಓದಲು ಹೇಳಿದರೆ ಏನೋ ಸರಿಯಿಲ್ಲ ಅನ್ನಿಸುತ್ತದೆ. ಅಕ್ಷರ ಒಂದೂ ತಪ್ಪಿಲ್ಲ, ಆದರೂ ಅದು ಹಿಂದಿಯಂತೆ ಕೇಳುವುದಿಲ್ಲ. ಮನೆಯಲ್ಲಿ ಹಿಂದಿ ಬಲ್ಲವರು ಇಲ್ಲದಿದ್ದರೆ ಯಾಕೆ ಹೀಗೆ ಅಂತ ಹೇಳುವವರೂ ಇರುವುದಿಲ್ಲ.

ಕಾರಣ ತಿಳಿಯುವುದು ಕಷ್ಟವಲ್ಲ. ಕನ್ನಡ ಓದಲು ಬರುವ ಮಗುವಿಗೆ ಹಿಂದಿ ಲಿಪಿಯ ಬಹುಪಾಲು ಆಗಲೇ ಗೊತ್ತಿರುತ್ತದೆ. ಎರಡು ಲಿಪಿಗಳ ಲೆಕ್ಕಾಚಾರ ಒಂದೇ. ಆದರೆ ಕೆಲವೇ ಕೆಲವು ಜಾಗಗಳಲ್ಲಿ ಅವು ಬೇರೆ ದಾರಿ ಹಿಡಿಯುತ್ತವೆ, ಅಲ್ಲಿ ಕನ್ನಡದ ಅಭ್ಯಾಸವೇ ಮಗುವನ್ನು ತಪ್ಪಿಸುತ್ತದೆ. ಆ ಜಾಗಗಳನ್ನು ಒಂದೊಂದಾಗಿ ನೋಡೋಣ. ಅವುಗಳಲ್ಲಿ ಬರೆದರೂ ಉಚ್ಚರಿಸದ ‘ಅ’ ಎಂಬುದು ಎಲ್ಲಕ್ಕಿಂತ ದೊಡ್ಡದು, ಅದಕ್ಕೆ ಜಾಸ್ತಿ ಹೊತ್ತು ಕೊಡೋಣ.

## ಒಂದೇ ಬೇರು, ಒಂದೇ ಸಾಲು

ಹಿಂದಿ ಬರೆಯುವ ಲಿಪಿಯ ಹೆಸರು ದೇವನಾಗರಿ. ಕನ್ನಡ ಲಿಪಿ, ದೇವನಾಗರಿ ಎರಡೂ ಬ್ರಾಹ್ಮಿ ಎಂಬ ಹಳೆಯ ಲಿಪಿಯಿಂದ ಬಂದವು. ಆ ಬ್ರಾಹ್ಮಿಯನ್ನು ನಮ್ಮ ರಾಜ್ಯದಲ್ಲೇ ನೋಡಬಹುದು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಕಾಲದ ಬಂಡೆಗಲ್ಲಿನ ಬರಹಗಳಿವೆ. ಬ್ರಾಹ್ಮಿಯಲ್ಲಿ ‘ಠ’ ಎಂದರೆ ಬರೀ ಒಂದು ಸೊನ್ನೆ. ಈಗ ಕನ್ನಡದ ಠ ಮತ್ತು ದೇವನಾಗರಿಯ ठ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಆ ಸೊನ್ನೆ ಎರಡರಲ್ಲೂ ಉಳಿದಿದೆ.

ಆಕಾರಗಳು ಕಾಲಕ್ರಮದಲ್ಲಿ ಬೇರೆಯಾದವು, ಅಕ್ಷರಗಳ ಸಾಲು ಮಾತ್ರ ಬದಲಾಗಲಿಲ್ಲ. ಕ ಖ ಗ ಘ ಙ ಎಂದರೆ क ख ग घ ङ. ಚ ವರ್ಗ, ಟ ವರ್ಗ, ತ ವರ್ಗ, ಪ ವರ್ಗ ಎಲ್ಲವೂ ಅದೇ ಕ್ರಮದಲ್ಲಿ ಬರುತ್ತವೆ. ಗಂಟಲ ಹತ್ತಿರ ಹುಟ್ಟುವ ಸದ್ದಿನಿಂದ ಹೊರಟು ತುಟಿಗೆ ಬಂದು ನಿಲ್ಲುವ ಕ್ರಮ ಅದು. ಹಾಗಾಗಿ ಆರನೇ ತರಗತಿಯ ಮಗು ಹೊಸದಾಗಿ ಕಲಿಯಬೇಕಾದದ್ದು ಆಕಾರ ಮಾತ್ರ. ಇಂಗ್ಲಿಷ್ ಮೊದಲು ಕಲಿಯುವಾಗ ಇಷ್ಟು ಸಲೀಸು ಇರಲಿಲ್ಲ, ಅಲ್ವಾ? ಅಲ್ಲಿ ಅಕ್ಷರದ ಹೆಸರು ಬೇರೆ, ಸದ್ದು ಬೇರೆ.

ಅದಕ್ಕೇ ಮೊದಲ ಪಾಠದಲ್ಲಿ ಕನ್ನಡ ವರ್ಣಮಾಲೆಯ ಪಟ್ಟಿಯನ್ನು ಕಪ್ಪುಹಲಗೆಯ ಮೇಲೆ ಬರೆದು, ಪ್ರತಿ ಅಕ್ಷರದ ಕೆಳಗೆ ದೇವನಾಗರಿ ಅಕ್ಷರ ಬರೆಸುವುದು ಒಳ್ಳೆಯ ಆರಂಭ. ಪಟ್ಟಿ ತುಂಬುತ್ತಾ ಹೋದಂತೆ ಮೂರು ಜಾಗ ಖಾಲಿ ಉಳಿಯುತ್ತವೆ. ಎ, ಒ, ಳ. ಈ ಮೂರಕ್ಕೆ ಹಿಂದಿಯಲ್ಲಿ ಜೋಡಿಯೇ ಇಲ್ಲ.

## ಖಾಲಿ ಉಳಿದ ಮೂರು ಮನೆಗಳು

ಕನ್ನಡದಲ್ಲಿ ಎ–ಏ, ಒ–ಓ ಎಂದು ಹ್ರಸ್ವ ದೀರ್ಘ ಎರಡೂ ಇವೆ. ಹಿಂದಿಯಲ್ಲಿ ए ಮತ್ತು ओ ಮಾತ್ರ. ಎರಡೂ ದೀರ್ಘ. मेला ಎಂದರೆ ಮೇಲಾ, लोग ಎಂದರೆ ಲೋಗ್. ಮಗು ‘ಮೆಲಾ’, ‘ಲೊಗ್’ ಎಂದು ಓದಿದರೆ ಅದು ಕನ್ನಡದ ಹ್ರಸ್ವವನ್ನು ಹಿಂದಿಯೊಳಗೆ ತಂದಿದೆ ಎಂದು ಅರ್ಥ.

ಹಿಂದಿಯ ಈ ಕೊರತೆ ಮಕ್ಕಳಿಗೆ ತಾನಾಗಿಯೇ ಕಾಣುವಂತೆ ಮಾಡಲು ಒಂದು ಅಭ್ಯಾಸವಿದೆ. ಬೆಲೆ, ಬೆಳೆ, ಬೇಳೆ. ಈ ಮೂರು ಕನ್ನಡ ಪದಗಳನ್ನು ಹಿಂದಿ ಅಕ್ಷರದಲ್ಲಿ ಬರೆಯಲು ಹೇಳಿ. ಹ್ರಸ್ವ ಎ ಇಲ್ಲ, ಳ ಇಲ್ಲ. ಮೂರೂ बेले ಆಗುತ್ತವೆ! ತರಗತಿಯಲ್ಲಿ ಗದ್ದಲ ಏಳುತ್ತದೆ, ಏಳಲಿ. ಹಿಂದಿಯಲ್ಲಿ ಏನಿಲ್ಲ ಎಂಬುದನ್ನು ಮಕ್ಕಳು ಆ ಗದ್ದಲದಲ್ಲೇ ಕಲಿಯುತ್ತಾರೆ. ದೇವನಾಗರಿಯಲ್ಲಿ ळ ಎಂಬ ಅಕ್ಷರವಿದೆ, ಆದರೆ ಅದನ್ನು ಬಳಸುವುದು ಮರಾಠಿಯಂಥ ಭಾಷೆಗಳು. ಶಾಲೆಯ ಹಿಂದಿಯಲ್ಲಿ ಅದು ಬರುವುದಿಲ್ಲ.

ऐ ಮತ್ತು औ ಬಗ್ಗೆಯೂ ಒಂದು ಮಾತು. ಪಟ್ಟಿಯಲ್ಲಿ ಇವು ಐ, ಔ ಎದುರಿಗೆ ಕೂರುತ್ತವೆ. ಕನ್ನಡದ ಐ ‘ಅಯ್’ ಎಂದು ಎಳೆಯುತ್ತದೆ. ಹಿಂದಿಯ है ಹಾಗಲ್ಲ. ಬಾಯಿ ಒಂದೇ ಆಕಾರದಲ್ಲಿ ನಿಂತಿರುತ್ತದೆ. ‘ಹೇ’ ಎನ್ನಲು ಹೊರಟು ದವಡೆಯನ್ನು ಸ್ವಲ್ಪ ಕೆಳಗಿಳಿಸಿದರೆ ಬರುವ ಸದ್ದು ಅದು. और ಕೂಡ ‘ಅವುರ್’ ಅಲ್ಲ. ‘ಓರ್’ ಎನ್ನುತ್ತಾ ಬಾಯಿಯನ್ನು ಇನ್ನೂ ಸ್ವಲ್ಪ ತೆರೆದಂತೆ. ಹಿಂದಿಯ ಹೆಚ್ಚಿನ ವಾಕ್ಯಗಳು है ಎಂದು ಮುಗಿಯುವುದರಿಂದ ಇದೊಂದು ಸರಿಹೋದರೆ ಇಡೀ ಓದು ಸುಧಾರಿಸಿದಂತೆ ಕೇಳುತ್ತದೆ. ಆದರೆ भैया ಎಂಬಂಥ ಪದದಲ್ಲಿ, ಮುಂದೆ ಯಕಾರ ಬಂದಾಗ, ನಮ್ಮ ‘ಐ’ಗೆ ಹತ್ತಿರದ ಸದ್ದೇ ಬರುತ್ತದೆ.

## ತಲೆಕಟ್ಟು ಮತ್ತು ತಲೆಗೆರೆ

ಕನ್ನಡದ ಕ, ಗ, ತ, ಪ ಮುಂತಾದ ಅಕ್ಷರಗಳ ಮೇಲೆ ತಲೆಕಟ್ಟು ಇರುತ್ತದೆ. ದೇವನಾಗರಿಯಲ್ಲೂ ಮೇಲೊಂದು ಅಡ್ಡಗೆರೆ ಇದೆ, ಅದಕ್ಕೆ ಶಿರೋರೇಖೆ ಎನ್ನುತ್ತಾರೆ. ನೋಡಲು ಒಂದೇ ಥರ ಕಂಡರೂ ಇವೆರಡರ ಕೆಲಸ ಬೇರೆ. ಕನ್ನಡದಲ್ಲಿ ಗುಡಿಸು ಬಂದರೆ ತಲೆಕಟ್ಟು ಹೋಗುತ್ತದೆ. ಕ ಎಂಬುದು ಕಿ ಆದಾಗ ತಲೆಯ ಭಾಗವೇ ಬದಲಾಗುತ್ತದೆ, ನೋಡಿ. ಹಿಂದಿಯ ಗೆರೆ ಯಾವ ಸ್ವರ ಬಂದರೂ ಹೋಗುವುದಿಲ್ಲ. ಇಡೀ ಪದವನ್ನು ಅದು ಒಂದೇ ಗೆರೆಯಾಗಿ ಕಟ್ಟಿಹಾಕುತ್ತದೆ. ಗೆರೆ ತುಂಡಾದರೆ ಪದ ಮುಗಿಯಿತು.

ಹಾಗಂತ ಎಲ್ಲ ಕಡೆ ಗೆರೆ ಎಳೆದುಬಿಡುವಂತಿಲ್ಲ. ध ಮತ್ತು भ ಅಕ್ಷರಗಳಲ್ಲಿ ಎಡಗಡೆ ಗೆರೆ ಸ್ವಲ್ಪ ಬಿಟ್ಟಿರಬೇಕು. ಅವಸರದಲ್ಲಿ ಪೂರ್ತಿ ಎಳೆದರೆ ध ಹೋಗಿ घ ಆಗುತ್ತದೆ, भ ಹೋಗಿ म ಆಗುತ್ತದೆ. ಮಗುವಿನ ನೋಟ್‌ಬುಕ್‌ನಲ್ಲಿ ಧನ ಎಂಬುದು ಘನ ಆಗಿದ್ದರೆ ಅದು ಅರ್ಥದ ಗೊಂದಲವಲ್ಲ, ಗೆರೆಯ ಗೊಂದಲ. ಮೊದಲು ಅಕ್ಷರಗಳನ್ನೆಲ್ಲ ಬರೆದು ಕೊನೆಗೆ ಗೆರೆ ಎಳೆಯುವ ಅಭ್ಯಾಸವಿರುವ ಮಕ್ಕಳಲ್ಲಿ ಇದನ್ನು ಮುಖ್ಯವಾಗಿ ನೋಡಬೇಕು.

ಸ್ವರಚಿಹ್ನೆಗಳಲ್ಲಿ ಕಣ್ಣಿಗೆ ತೊಂದರೆ ಕೊಡುವುದು ಒಂದೇ, ಹ್ರಸ್ವ ಇ. ಕನ್ನಡದ ಗುಡಿಸು ಅಕ್ಷರದ ಮೇಲೆ ಕೂರುತ್ತದೆ. ಹಿಂದಿಯ ಮಾತ್ರೆ ಅಕ್ಷರದ ಎಡಗಡೆ, ಅಂದರೆ ಅಕ್ಷರಕ್ಕಿಂತ ಮೊದಲು ಬರುತ್ತದೆ. दिन ಎಂದು ಬರೆಯುವಾಗ ಕೈ ಮೊದಲು ಮಾತ್ರೆ ಬರೆಯುತ್ತದೆ, ಬಾಯಿ ಮೊದಲು ‘ದ್’ ಎನ್ನುತ್ತದೆ. ದೀರ್ಘ ಈ ಮಾತ್ರ ಬಲಗಡೆಗೇ ಬರುತ್ತದೆ, दीन. ಎಡಕ್ಕೆ ಬಂದರೆ ಗಿಡ್ಡ, ಬಲಕ್ಕೆ ಬಂದರೆ ಉದ್ದ ಎಂದು ಹೇಳಿಕೊಟ್ಟರೆ ಮಕ್ಕಳು ಬೇಗ ಹಿಡಿಯುತ್ತಾರೆ.

## ಒತ್ತಕ್ಷರ ಇಲ್ಲ, ಅರ್ಧಾಕ್ಷರ ಇದೆ

ಪುಸ್ತಕ ಎಂಬ ಪದ ಎರಡೂ ಭಾಷೆಯಲ್ಲಿದೆ. ಕನ್ನಡದಲ್ಲಿ ‘ಸ್ತ’ ಬರೆಯುವಾಗ ಸ ಪೂರ್ತಿ ದೊಡ್ಡದಾಗಿ ನಿಲ್ಲುತ್ತದೆ. ತ ಚಿಕ್ಕದಾಗಿ ಕೆಳಗೆ ಒತ್ತಾಗಿ ಹೋಗುತ್ತದೆ. ಹಿಂದಿಯ पुस्तक ನೋಡಿ. ಇಲ್ಲಿ स ತನ್ನ ನೇರಗೆರೆ ಕಳೆದುಕೊಂಡು ಅರ್ಧವಾಗಿದೆ, त ಪೂರ್ತಿ ಇದೆ. ಕನ್ನಡದಲ್ಲಿ ಎರಡನೆಯದು ಚಿಕ್ಕದಾದರೆ ಹಿಂದಿಯಲ್ಲಿ ಮೊದಲನೆಯದು ಚಿಕ್ಕದಾಗುತ್ತದೆ. ಉಚ್ಚಾರದಲ್ಲಿ ಏನೂ ವ್ಯತ್ಯಾಸವಿಲ್ಲ. ಎರಡು ಕಡೆಯೂ ಸ್ ಮೊದಲು, ತ ಆಮೇಲೆ.

ನಿಜ ಹೇಳಬೇಕೆಂದರೆ ಇಲ್ಲಿ ಹಿಂದಿಯ ಬರಹ ಸದ್ದಿಗೆ ಹತ್ತಿರ ಇದೆ. ಸ್ವರ ಇಲ್ಲದ ವ್ಯಂಜನ ಅರ್ಧ, ಸ್ವರ ಇರುವುದು ಪೂರ್ತಿ. ಕನ್ನಡದಲ್ಲಿ ‘ಬಸ್ತಿ’ ಎಂದು ಬರೆಯುವಾಗ ಗುಡಿಸು ಸಕಾರದ ಮೇಲೆ ಬೀಳುತ್ತದೆ, ಇ ಸದ್ದು ಮಾತ್ರ ತಕಾರದ್ದು. ಹಿಂದಿಯ बस्ती ಪದದಲ್ಲಿ ಮಾತ್ರೆ त ಪಕ್ಕದಲ್ಲೇ ಇರುತ್ತದೆ. ಕನ್ನಡದ ಮಗು ಗುಡಿಸನ್ನು ಕೂಡಿದ ಅಕ್ಷರಗಳಲ್ಲಿ ಮೊದಲನೆಯದಕ್ಕೆ ಕೊಟ್ಟು ಅಭ್ಯಾಸವಾದ ಕಾರಣ बसीत ಥರದ ತಪ್ಪು ಬರೆಯುವುದುಂಟು. ಕಾರಣ ಗೊತ್ತಿದ್ದರೆ ತಿದ್ದುವುದು ಸುಲಭ.

ಎಲ್ಲ ಅಕ್ಷರವನ್ನೂ ಒಂದೇ ರೀತಿಯಲ್ಲಿ ಅರ್ಧ ಮಾಡಲಾಗುವುದಿಲ್ಲ. ಕೊನೆಯಲ್ಲಿ ನೇರಗೆರೆ ಇರುವ ग, त, न, प, म, ल, स ಮುಂತಾದವು ಆ ಗೆರೆಯನ್ನು ಬಿಡುತ್ತವೆ. क ಮತ್ತು फ ತಮ್ಮ ಬಲಗಡೆಯ ಕೊಕ್ಕೆಯನ್ನು ಕತ್ತರಿಸಿಕೊಳ್ಳುತ್ತವೆ. ಗೆರೆಯೂ ಇಲ್ಲದ, ಕೊಕ್ಕೆಯೂ ಇಲ್ಲದ ट, ड, द ಥರದ ಅಕ್ಷರಗಳಿಗೆ ಕೆಳಗೊಂದು ಓರೆಗೆರೆ ಬರುತ್ತದೆ, छुट्टी ಎಂಬಲ್ಲಿ ಇರುವಂತೆ. ಆರನೇ ತರಗತಿಗೆ ಈ ಮೂರು ಗುಂಪು ಸಾಕು. ज्ञ ಒಂದನ್ನು ಪದವಾಗಿಯೇ ನೆನಪಿಡಿಸಿ. ಬರೆಯುವುದು ಜ್ಞ, ಹಿಂದಿಯವರು ಓದುವುದು ‘ಗ್ಯ’. ज्ञान ಎಂದರೆ ಗ್ಯಾನ್.

ರಕಾರದ ವಿಷಯದಲ್ಲಿ ಕನ್ನಡದ ಮಕ್ಕಳಿಗೆ ಒಂದು ಅನುಕೂಲವಿದೆ. ಸೂರ್ಯ ಎಂದು ಬರೆಯುವಾಗ ಅರ್ಕಾವತ್ತು ಯಕಾರದ ಆಚೆ ಬರುತ್ತದೆ, ಆದರೆ ಓದುವುದು ಯಕಾರಕ್ಕಿಂತ ಮೊದಲು. ಈ ಹಿಂದುಮುಂದಿನ ಓದು ಅವರಿಗೆ ಹೊಸದಲ್ಲ. ಹಿಂದಿಯಲ್ಲಿ ಅದೇ ರಕಾರ ಕೊಕ್ಕೆಯಾಗಿ ಯಕಾರದ ತಲೆಯ ಮೇಲೆ ಹತ್ತುತ್ತದೆ, सूर्य. ಹಾಗಾಗಿ ಹೇಳಿಕೊಡಬೇಕಾದದ್ದು ಇಷ್ಟೇ. ಕನ್ನಡದಲ್ಲಿ ಯಾವ ಅಕ್ಷರದ ಪಕ್ಕ ಅರ್ಕಾವತ್ತು ಹಾಕುತ್ತೀಯೋ, ಹಿಂದಿಯಲ್ಲಿ ಅದೇ ಅಕ್ಷರದ ತಲೆಯ ಮೇಲೆ ಕೊಕ್ಕೆ ಹಾಕು.

## ಬರೆದರೂ ಉಚ್ಚರಿಸದ ‘ಅ’

ಈಗ ಮುಖ್ಯ ವಿಷಯಕ್ಕೆ ಬರೋಣ. ಕನ್ನಡದಲ್ಲಿ ‘ಮ’ ಎಂದು ಬರೆದರೆ ಅದರೊಳಗೆ ಅಕಾರ ಇದ್ದೇ ಇದೆ. ಅಕಾರ ಬೇಡವಾದರೆ ‘ಮ್’ ಎಂದು ಗುರುತು ಹಾಕಬೇಕು. ಬರೆದದ್ದನ್ನೆಲ್ಲ ಓದು, ಬರೆಯದೇ ಇರುವುದನ್ನು ಓದಬೇಡ. ಕನ್ನಡದ ಮಗು ಒಂದನೇ ತರಗತಿಯಿಂದ ಕಲಿತಿರುವುದು ಈ ನಿಯಮವನ್ನೇ.

ದೇವನಾಗರಿಯಲ್ಲೂ म ಒಳಗೆ ಅಕಾರ ಇದೆ. ಆದರೆ ಹಿಂದಿ ಮಾತನಾಡುವವರು ಕೆಲವು ಜಾಗದಲ್ಲಿ ಆ ಅಕಾರವನ್ನು ಉಚ್ಚರಿಸುವುದಿಲ್ಲ, ಉಚ್ಚರಿಸದೆ ಇರುವುದಕ್ಕೆ ಬರಹದಲ್ಲಿ ಯಾವ ಗುರುತೂ ಇರುವುದಿಲ್ಲ. राम ಎಂದು ಬರೆದು ‘ರಾಮ್’ ಎನ್ನುತ್ತಾರೆ. ಸಂಸ್ಕೃತದ ಕಾಲದಲ್ಲಿ ಆ ಅಕಾರ ಉಚ್ಚಾರದಲ್ಲೂ ಇತ್ತು. ಹಿಂದಿಯಲ್ಲಿ ಮಾತು ಬದಲಾಯಿತು, ಬರಹ ಹಳೆಯದರಂತೆಯೇ ಉಳಿಯಿತು. ಕನ್ನಡಕ್ಕೆ ಹಾಗಾಗಲಿಲ್ಲ, ನಮ್ಮಲ್ಲಿ ಪದಗಳು ಸ್ವರದಲ್ಲೇ ಮುಗಿಯುತ್ತವೆ.

ಸ್ವರದಲ್ಲಿ ಮುಗಿಸುವ ಆಸೆ ಕನ್ನಡಕ್ಕೆ ಎಷ್ಟಿದೆ ಎಂದರೆ, ಹೊರಗಿನಿಂದ ಬಂದ ಪದಕ್ಕೂ ನಾವು ಕೊನೆಗೊಂದು ಉಕಾರ ಕೊಡುತ್ತೇವೆ. ಕಾನೂನ್ ಎಂಬುದು ಕಾನೂನು ಆಯಿತು. ಖರ್ಚ್ ಖರ್ಚು ಆಯಿತು, ಜಮೀನ್ ಜಮೀನು ಆಯಿತು. ಬಸ್ಸು, ಕಾರು, ಬುಕ್ಕು ಎಲ್ಲ ಇದೇ ದಾರಿಯಲ್ಲಿ ಬಂದವು. ಅದಕ್ಕೇ ಮಗು ಹಿಂದಿ ಪದದ ಕೊನೆಯಲ್ಲಿ ಎರಡು ಥರದ ತಪ್ಪು ಮಾಡುತ್ತದೆ. ಪುಸ್ತಕ ನೋಡಿ ಓದುವಾಗ ಘರ್ ಹೋಗಿ ‘ಘರ’ ಆಗುತ್ತದೆ. ಪುಸ್ತಕ ನೋಡದೆ ಮಾತಾಡುವಾಗ ಅದೇ ‘ಘರು’ ಆಗುತ್ತದೆ. ಮೊದಲನೆಯದು ಲಿಪಿಯಿಂದ ಬಂದ ತಪ್ಪು, ಎರಡನೆಯದು ನಾಲಿಗೆಯ ಅಭ್ಯಾಸದಿಂದ ಬಂದದ್ದು. ಎರಡಕ್ಕೂ ಮದ್ದು ಬೇರೆ. ಮೊದಲನೆಯದಕ್ಕೆ ನಿಯಮ ಹೇಳಿಕೊಡಬೇಕು, ಎರಡನೆಯದಕ್ಕೆ ಕೇಳಿಸಿ ಹೇಳಿಸಬೇಕು.

ನಿಯಮದಲ್ಲಿ ಎರಡು ಹೆಜ್ಜೆಗಳಿವೆ. ಪದವನ್ನು ಕೊನೆಯಿಂದ ಮೊದಲಿಗೆ, ಅಂದರೆ ಬಲದಿಂದ ಎಡಕ್ಕೆ ನೋಡುತ್ತಾ ಬರಬೇಕು.

ಮೊದಲ ಹೆಜ್ಜೆ: ಪದದ ಕೊನೆಯ ಅಕ್ಷರಕ್ಕೆ ಮಾತ್ರೆ ಇಲ್ಲದಿದ್ದರೆ ಅದರ ಅಕಾರ ಬಿಡು. घर ಘರ್ ಆಗುತ್ತದೆ, कमल ಕಮಲ್ ಆಗುತ್ತದೆ.

ಎರಡನೇ ಹೆಜ್ಜೆ: ಪದದ ನಡುವೆ ಮಾತ್ರೆ ಇಲ್ಲದ ಅಕ್ಷರ ಸಿಕ್ಕರೆ ಅದರ ಎರಡೂ ಪಕ್ಕ ನೋಡು. ಮುಂದಿನ ಅಕ್ಷರದಲ್ಲೂ ಸ್ವರ ಕೇಳಿಸುತ್ತಿದ್ದು, ಹಿಂದಿನ ಅಕ್ಷರದಲ್ಲೂ ಸ್ವರ ಇದ್ದರೆ ನಡುವಿನ ಅಕಾರ ಬಿಡು. ಒಂದು ಪಕ್ಕದಲ್ಲಾದರೂ ಸ್ವರ ಇಲ್ಲದಿದ್ದರೆ ಬಿಡಬೇಡ. ಪದದ ಮೊದಲ ಅಕ್ಷರದ ಅಕಾರವನ್ನು ಎಂದೂ ಬಿಡಬಾರದು.

ಹೇಳುವಾಗ ಉದ್ದ ಅನ್ನಿಸಿದರೂ ಕಪ್ಪುಹಲಗೆಯ ಮೇಲೆ ಮಾಡಿ ತೋರಿಸಿದರೆ ಆಟದಂತೆ ಇರುತ್ತದೆ. सड़क ತೆಗೆದುಕೊಳ್ಳಿ. ಕೊನೆಯ ಕ ಅಕಾರ ಬಿಟ್ಟಿತು. ಈಗ ನಡುವಿನ ಡ. ಅದರ ಮುಂದಿನ ಕ್ ಅಕ್ಷರದಲ್ಲಿ ಸ್ವರ ಉಳಿದಿಲ್ಲ. ಹಾಗಾಗಿ ಡ ತನ್ನ ಅಕಾರ ಉಳಿಸಿಕೊಳ್ಳುತ್ತದೆ. ಸಡಕ್. ಇದೇ ಪದ ಬಹುವಚನದಲ್ಲಿ सड़कें ಆಗುತ್ತದೆ. ಈಗ ಕೊನೆಯಲ್ಲಿ ಏಕಾರ ಇದೆ, ಅದು ಬಿಡುವುದಿಲ್ಲ. ಡ ಅಕ್ಷರದ ಮುಂದೆಯೂ ಸ್ವರ, ಹಿಂದೆಯೂ ಸ್ವರ. ಅದರ ಅಕಾರ ಹೋಯಿತು. ಸಡ್ಕೇಂ. ಪದ ಬೆಳೆದಂತೆ ಅಕಾರ ಬಿಡುವ ಜಾಗವೂ ಬದಲಾಯಿತು, ನೋಡಿ.

ಇನ್ನೂ ಚೆನ್ನಾಗಿ ಕಾಣುವುದು समझ ಎಂಬ ಪದದಲ್ಲಿ. ಒಂಟಿಯಾಗಿ ಅದು ಸಮಝ್. समझा ಎಂದಾಗ ನಡುವಿನ ಮ ಅಕಾರ ಬಿಟ್ಟು ಸಮ್ಝಾ. समझना ಎಂದಾಗ ಕೊನೆಯಿಂದ ಬರುತ್ತಾ ಮೊದಲು ಝ ಸಿಗುತ್ತದೆ. ಅದರ ಎರಡೂ ಪಕ್ಕ ಸ್ವರ ಇರುವುದರಿಂದ ಅದು ಅಕಾರ ಬಿಡುತ್ತದೆ. ಆಮೇಲೆ ಮ ಸಿಗುತ್ತದೆ. ಅದರ ಮುಂದಿನ ಝ್ ಆಗಲೇ ಸ್ವರ ಕಳೆದುಕೊಂಡಿದೆ, ಹಾಗಾಗಿ ಮ ಬಿಡುವಂತಿಲ್ಲ. ಸಮಝ್ನಾ. ಎಡದಿಂದ ಬಲಕ್ಕೆ ಹೋದರೆ ಈ ಉತ್ತರ ಬರುವುದಿಲ್ಲ. ಕೊನೆಯಿಂದ ಶುರುಮಾಡಬೇಕು ಎನ್ನುವುದು ಅದಕ್ಕೇ.

ನಾಲ್ಕು ಅಕ್ಷರದ, ಮಾತ್ರೆಯೇ ಇಲ್ಲದ ಪದಗಳೂ ಈ ನಿಯಮಕ್ಕೆ ಸಿಗುತ್ತವೆ. मतलब ಮತ್ಲಬ್ ಆಗುತ್ತದೆ, बचपन ಬಚ್ಪನ್ ಆಗುತ್ತದೆ, बरगद ಬರ್ಗದ್ ಆಗುತ್ತದೆ. ಮಕ್ಕಳೇ ಮಾಡಿ ನೋಡಲಿ.

## ನಿಯಮ ಎಲ್ಲಿ ನಿಲ್ಲುತ್ತದೆ

ಈ ನಿಯಮ ಎಲ್ಲ ಕಡೆ ನಡೆಯುವುದಿಲ್ಲ. मित्र, चंद्र ಥರದ ಪದಗಳ ಕೊನೆಯಲ್ಲಿ ಕೂಡಿದ ಅಕ್ಷರ ಇದೆ. ಅಲ್ಲಿ ಅಕಾರ ಬಿಟ್ಟರೆ ಉಚ್ಚರಿಸುವುದೇ ಕಷ್ಟ, ಅದಕ್ಕೆ ತೆಳುವಾಗಿ ಅಕಾರ ಕೇಳಿಸುತ್ತದೆ. ಪದದ ಮುಂದೆ ಇನ್ನೊಂದು ತುಣುಕು ಸೇರಿದಾಗಲೂ ಹುಷಾರು. असफल ಎಂಬುದು ಅ ಮತ್ತು ಸಫಲ ಸೇರಿ ಆದದ್ದು. ನಿಯಮದಂತೆ ‘ಅಸ್ಫಲ್’ ಆಗಬೇಕಿತ್ತು, ಆದರೆ ಮೂಲ ಪದದ ಮೊದಲ ಅಕ್ಷರವಾದ ಸ ತನ್ನ ಅಕಾರ ಉಳಿಸಿಕೊಳ್ಳುತ್ತದೆ. ಅಸಫಲ್. ಪದ್ಯ ಹಾಡುವಾಗ ತಾಳಕ್ಕೆ ಬೇಕಾದರೆ ಬಿಟ್ಟ ಅಕಾರವನ್ನೂ ಸೇರಿಸಿ ಹಾಡುತ್ತಾರೆ. ಹಾಗಾಗಿ ಈ ನಿಯಮವನ್ನು ಗದ್ಯ ಪಾಠದಲ್ಲಿ ಕಲಿಸುವುದು ಒಳ್ಳೆಯದು.

ನಿಯಮ ಕಲಿತ ಮೇಲೆ ಹೊಸ ತಪ್ಪೊಂದು ಹುಟ್ಟುತ್ತದೆ. ಉಕ್ತಲೇಖನದಲ್ಲಿ ಮಗು ‘ಲಡ್ಕಾ’ ಎಂದು ಕೇಳುತ್ತದೆ. ಕನ್ನಡದ ಲೆಕ್ಕದಲ್ಲಿ ಡ್ ಅರ್ಧ, ಹಾಗಾಗಿ लड्का ಎಂದು ಬರೆಯುತ್ತದೆ. ಸರಿಯಾದದ್ದು लड़का. ರಾಮ್ ಎಂದು ಕೇಳಿ ಕೊನೆಗೆ ಓರೆಗೆರೆ ಹಾಕುವುದೂ ಇದೇ ಜಾತಿಯ ತಪ್ಪು. ಇದು ಕಂಡರೆ ಬೇಜಾರು ಪಡಬೇಕಾಗಿಲ್ಲ, ಮಗುವಿನ ಕಿವಿ ಸರಿಯಾಗಿ ಕೇಳುತ್ತಿದೆ ಎಂದೇ ಅರ್ಥ. ಓದುವಾಗ ಅಕಾರ ಬಿಡಬೇಕು, ಬರೆಯುವಾಗ ಪೂರ್ತಿ ಅಕ್ಷರ ಬರೆಯಬೇಕು ಎಂದು ಹೇಳಿ, ಅದೇ ಪದವನ್ನು ಮತ್ತೆ ಬರೆಸಿ ಓದಿಸಿದರೆ ಸಾಕು. ಅರ್ಧಾಕ್ಷರ ನಿಜಕ್ಕೂ ಬೇಕಾದ ಪದಗಳು ಬೇರೆ, बच्चा, बिल्ली, पुस्तक ಥರದವು. ಅವನ್ನು ಬೇರೆ ಪಟ್ಟಿಯಾಗಿ ಬರೆದಿಡಲಿ.

## ಉಸಿರು ಮತ್ತು ಮೂಗು

ಮಹಾಪ್ರಾಣ ಅಕ್ಷರಗಳು ಕನ್ನಡದಲ್ಲೂ ಇವೆ, ಆದರೆ ಹೆಚ್ಚಾಗಿ ಹೊರಗಿನಿಂದ ಬಂದ ಪದಗಳಲ್ಲಿ. ಯಾರಾದರೂ ‘ಬಾರತ’ ಎಂದರೂ ನಮಗೆ ಭಾರತ ಎಂದೇ ಅರ್ಥವಾಗುತ್ತದೆ. ಹಿಂದಿಯಲ್ಲಿ ಉಸಿರು ತಪ್ಪಿದರೆ ಅರ್ಥವೇ ತಪ್ಪುತ್ತದೆ. ताली ಚಪ್ಪಾಳೆ, थाली ತಟ್ಟೆ. बात ಮಾತು, भात ಅನ್ನ. ಒಂದು ತೆಳ್ಳನೆಯ ಕಾಗದದ ಪಟ್ಟಿಯನ್ನು ತುಟಿಯ ಮುಂದೆ ಹಿಡಿದು ಎರಡನ್ನೂ ಹೇಳಿಸಿ. ತಾಲೀ ಎಂದಾಗ ಪಟ್ಟಿ ಸುಮ್ನೆ ಇರುತ್ತದೆ, ಥಾಲೀ ಎಂದಾಗ ಹಾರುತ್ತದೆ. घ, भ ಥರದ ಅಕ್ಷರಗಳಲ್ಲಿ ಪಟ್ಟಿ ಅಷ್ಟು ಜೋರಾಗಿ ಅಲ್ಲಾಡುವುದಿಲ್ಲ. ಅವನ್ನು ಕಿವಿಯಿಂದಲೇ ಕಲಿಯಬೇಕು.

ಚುಕ್ಕಿ ಇರುವ ड़ ಹೊಸ ಅಕ್ಷರದಂತೆ ಕಾಣುತ್ತದೆ, ಆದರೆ ಸದ್ದು ಕನ್ನಡದ ಮಗುವಿನ ಬಾಯಲ್ಲೇ ಇದೆ. ‘ಹುಡುಗಿ’ ಎಂದು ವೇಗವಾಗಿ ಹೇಳಿದಾಗ ನಾಲಿಗೆ ಮೇಲೆ ತಾಗಿ ಚಕ್ಕನೆ ಕೆಳಗೆ ಬೀಳುತ್ತದಲ್ಲ, ಅದಕ್ಕೆ ತೀರ ಹತ್ತಿರದ ಸದ್ದು ಅದು. ಈ ಅಕ್ಷರ ಹಿಂದಿಯಲ್ಲಿ ಪದದ ಮೊದಲಿಗೆ ಬರುವುದಿಲ್ಲ.

ಮೂಗಿನ ಸ್ವರವೇ ನಿಜಕ್ಕೂ ಹೊಸದು. ಕನ್ನಡದ ಅಂ ಎಂದರೆ ಕೊನೆಗೊಂದು ಮ್ ಅಥವಾ ನ್ ಸಿಗುತ್ತದೆ. ಹಿಂದಿಯ माँ ಹಾಗಲ್ಲ. ತುಟಿ ಮುಚ್ಚುವುದೇ ಇಲ್ಲ, ಆ ಎನ್ನುವಾಗಲೇ ಗಾಳಿ ಮೂಗಿನಿಂದಲೂ ಹೋಗುತ್ತದೆ. ಮಗು ‘ಮಾಮ್’ ಎಂದರೆ ತುಟಿ ನೋಡಿ, ಮುಚ್ಚಿರುತ್ತದೆ. ಈ ಸದ್ದಿಗೆ ಚಂದ್ರಬಿಂದು ಹಾಕಬೇಕು, चाँद ಎಂಬಲ್ಲಿ ಇರುವಂತೆ. ಆದರೆ ಗೆರೆಯ ಮೇಲೆ ಆಗಲೇ ಮಾತ್ರೆ ಕೂತಿದ್ದರೆ ಜಾಗ ಸಾಲದೆ ಬರೀ ಬಿಂದು ಹಾಕುತ್ತಾರೆ, में, नहीं, हैं. ನೋಡಲು ಕನ್ನಡದ ಸೊನ್ನೆಯಂತೆ ಕಂಡರೂ ಓದುವುದು ಮೂಗಿನ ಸ್ವರವಾಗಿಯೇ. ಇದನ್ನು ನಿರ್ಲಕ್ಷಿಸುವಂತಿಲ್ಲ. है ಎಂದರೆ ಏಕವಚನ, हैं ಎಂದರೆ ಬಹುವಚನ. ವ್ಯಾಕರಣವೇ ಆ ಒಂದು ಚುಕ್ಕಿಯ ಮೇಲೆ ನಿಂತಿದೆ.

## ನಾಲ್ಕು ವಾಕ್ಯ ಓದಿ ನೋಡೋಣ

ಈಗ ಇದನ್ನೆಲ್ಲ ಒಂದು ಪುಟ್ಟ ಪಾಠದ ಮೇಲೆ ಹಾಕಿ ನೋಡೋಣ.

यह मेरा घर है। घर के सामने सड़क है। सड़क पर लड़के खेलते हैं। मेरी बहन पुस्तक पढ़ती है।

ಇದು ನನ್ನ ಮನೆ, ಮನೆಯ ಮುಂದೆ ರಸ್ತೆ ಇದೆ, ರಸ್ತೆಯಲ್ಲಿ ಹುಡುಗರು ಆಡುತ್ತಾರೆ, ನನ್ನ ತಂಗಿ ಪುಸ್ತಕ ಓದುತ್ತಾಳೆ ಎಂದು ಅರ್ಥ. ಹಿಂದಿಯ बहन ಅಕ್ಕನೂ ಆಗಬಹುದು, ತಂಗಿಯೂ ಆಗಬಹುದು.

ಕನ್ನಡದ ನಿಯಮದಂತೆ ಓದುವ ಮಗು ಹೀಗೆ ಓದುತ್ತದೆ: ಯಹ ಮೇರಾ ಘರ ಹಯ್. ಘರ ಕೆ ಸಾಮನೆ ಸಡಕ ಹಯ್. ಸಡಕ ಪರ ಲಡಕೆ ಖೇಲತೆ ಹಯ್ಮ್. ಮೇರಿ ಬಹನ ಪುಸ್ತಕ ಪಡತಿ ಹಯ್.

ಒಂದೊಂದಾಗಿ ತಿದ್ದೋಣ. घर, सड़क, पर, पुस्तक ನಾಲ್ಕೂ ಕೊನೆಯ ಅಕಾರ ಬಿಡುತ್ತವೆ. सामने, लड़के, खेलते, पढ़ती ಇವುಗಳಲ್ಲಿ ಕೊನೆಗೆ ಮಾತ್ರೆ ಇದೆ, ನಡುವಿನ ಅಕಾರ ಹೋಗುತ್ತದೆ. ಸಾಮ್ನೇ, ಲಡ್ಕೇ, ಖೇಲ್ತೇ, ಪಢ್ತೀ. ಕೊನೆಯ ಏ ದೀರ್ಘ ಎಂಬುದನ್ನು ಮರೆಯಬಾರದು. ಪಢ್ತೀಯಲ್ಲಿ ಉಸಿರೂ ಬೇಕು. हैं ಎನ್ನುವಾಗ ತುಟಿ ಮುಚ್ಚಬಾರದು.

ಉಳಿದದ್ದು यह ಮತ್ತು बहन. ಇಲ್ಲಿ ಇನ್ನೊಂದು ಸಣ್ಣ ವಿಷಯ ಇದೆ. ಹಿಂದಿಯಲ್ಲಿ ಹಕಾರದ ಪಕ್ಕದ ಅಕಾರ ಮಾತಿನಲ್ಲಿ ‘ಎ’ ಕಡೆಗೆ ವಾಲುತ್ತದೆ. ಹಾಗಾಗಿ ಬಹನ್ ಎಂಬುದು ‘ಬೆಹೆನ್’ ಎಂದು ಕೇಳುತ್ತದೆ. यह ‘ಯೆಹ್’ ಎಂದು, ವೇಗದ ಮಾತಿನಲ್ಲಿ ‘ಯೇ’ ಎಂದೇ ಕೇಳುತ್ತದೆ. ಪಟ್ಟಿಯಲ್ಲಿ ಇಲ್ಲದ ಹ್ರಸ್ವ ಎಕಾರ ಹಿಂದಿಯವರ ಬಾಯಲ್ಲಿ ಇಲ್ಲಿ ಕಾಣಿಸಿಕೊಳ್ಳುತ್ತದೆ, ಬರಹದಲ್ಲಿ ಮಾತ್ರ ಅದಕ್ಕೆ ಗುರುತಿಲ್ಲ.

ತಿದ್ದಿದ ಓದು ಹೀಗಿರುತ್ತದೆ: ಯೆಹ್ ಮೇರಾ ಘರ್ ಹೈ. ಘರ್ ಕೇ ಸಾಮ್ನೇ ಸಡಕ್ ಹೈ. ಸಡಕ್ ಪರ್ ಲಡ್ಕೇ ಖೇಲ್ತೇ ಹೈಂ. ಮೇರೀ ಬೆಹೆನ್ ಪುಸ್ತಕ್ ಪಢ್ತೀ ಹೈ.

ಕನ್ನಡದಲ್ಲಿ ಹೀಗೆ ಬರೆದುಕೊಳ್ಳುವುದು ಮನೆಯಲ್ಲಿ ಓದಿಸುವ ದೊಡ್ಡವರಿಗೆ ಉಪಯೋಗ. ಮಗುವಿನ ಪುಸ್ತಕದಲ್ಲಿ ಪ್ರತಿ ಪದದ ಮೇಲೂ ಕನ್ನಡ ಬರೆದುಬಿಟ್ಟರೆ ಕಣ್ಣು ಕನ್ನಡವನ್ನೇ ಓದುತ್ತದೆ, ದೇವನಾಗರಿ ಕಲಿಯುವುದು ನಿಲ್ಲುತ್ತದೆ. ಅದರ ಬದಲು ಪೆನ್ಸಿಲ್‌ನಲ್ಲಿ ಒಂದು ಗುರುತು ಸಾಕು. ಅಕಾರ ಬಿಡಬೇಕಾದ ಅಕ್ಷರದ ಕೆಳಗೆ ಒಂದು ಚುಕ್ಕಿ. सामने ಪದದಲ್ಲಿ ಮಕಾರದ ಕೆಳಗೆ, सड़क ಪದದಲ್ಲಿ ಕಕಾರದ ಕೆಳಗೆ. ಪ್ರತಿ ಹೊಸ ಪಾಠಕ್ಕೂ ಆ ಚುಕ್ಕಿಗಳನ್ನು ಮಗುವೇ ಹಾಕಲಿ, ಆಮೇಲೆ ಜೋರಾಗಿ ಓದಲಿ. ಚುಕ್ಕಿ ಹಾಕದೆಯೂ ಅದೇ ಸಾಲು ಸರಿಯಾಗಿ ಬರತೊಡಗಿದರೆ ಪೆನ್ಸಿಲ್ ಗುರುತನ್ನು ಅಳಿಸಿಬಿಡಬಹುದು.